ತಾಲ್ಲೂಕು ಒಡೆದಾಗ ಮಳೆಯ ಲೆಕ್ಕ ಏನಾಗುತ್ತದೆ?

ಮಳೆಗಾಲದಲ್ಲಿ ಕೊಡಗಿನ ಪತ್ರಿಕೆಗಳಲ್ಲಿ ದಿನವೂ ಒಂದು ಪಟ್ಟಿ ಬರುತ್ತದೆ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ, ಸುಂಟಿಕೊಪ್ಪ ಎಂದು ಹೋಬಳಿವಾರು ಮಳೆ, ಜೊತೆಗೆ ತಾಲ್ಲೂಕಿನ ಸರಾಸರಿ, ಜಿಲ್ಲೆಯ ಸರಾಸರಿ. ಇದೇ ಅಂಕಿಗಳನ್ನು ವರ್ಷಗಟ್ಟಲೆ ಜೋಡಿಸಿ ಗೆರೆ ಎಳೆದರೆ ಅದು ಮಳೆಯ ಡ್ಯಾಶ್‌ಬೋರ್ಡ್ ಆಗುತ್ತದೆ.

ಹಿಂದೆ ಕೊಡಗಿನಲ್ಲಿ ಇದ್ದದ್ದು ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ 3 ತಾಲ್ಲೂಕು. ಕುಶಾಲನಗರ, ಪೊನ್ನಂಪೇಟೆಗಳೂ ತಾಲ್ಲೂಕುಗಳಾದ ಮೇಲೆ ಅವು 5 ಆದವು. ಹಳೆಯ ಸೋಮವಾರಪೇಟೆ ತಾಲ್ಲೂಕಿನ 6 ಹೋಬಳಿಗಳಲ್ಲಿ ಕುಶಾಲನಗರ ಮತ್ತು ಸುಂಟಿಕೊಪ್ಪ ಹೊಸ ತಾಲ್ಲೂಕಿಗೆ ಹೋದವು. ಸೋಮವಾರಪೇಟೆ ಎಂಬ ಹೆಸರು ಹಾಗೇ ಉಳಿಯಿತು, ಆ ಹೆಸರಿನೊಳಗಿನ ನೆಲ ಮಾತ್ರ ಬದಲಾಯಿತು.

ಒಂದು ದಿನದ ಲೆಕ್ಕ

ಲೆಕ್ಕ ಸುಲಭವಾಗಲೆಂದು ಒಂದು ದಿನದ ಮಳೆಯನ್ನು ಹೀಗೆ ಊಹಿಸಿಕೊಳ್ಳೋಣ: ಸೋಮವಾರಪೇಟೆ ಕಸಬಾ 30 ಮಿ.ಮೀ., ಶಾಂತಳ್ಳಿ 80, ಶನಿವಾರಸಂತೆ 20, ಕೊಡ್ಲಿಪೇಟೆ 20, ಸುಂಟಿಕೊಪ್ಪ 24, ಕುಶಾಲನಗರ 6. ಒಟ್ಟು 180. ಆರರಿಂದ ಭಾಗಿಸಿದರೆ ಹಳೆಯ ತಾಲ್ಲೂಕಿನ ಸರಾಸರಿ 30 ಮಿ.ಮೀ.

ಈಗ ಅದೇ ದಿನದ ಅದೇ ಮಳೆಯನ್ನು ಹೊಸ ಗಡಿಯಲ್ಲಿ ನೋಡಿ. ಸೋಮವಾರಪೇಟೆಗೆ ಉಳಿದ 4 ಹೋಬಳಿಗಳ ಒಟ್ಟು 150, ಸರಾಸರಿ 37.5. ಕುಶಾಲನಗರ ತಾಲ್ಲೂಕಿಗೆ 15. ಒಂದು ಹನಿಯೂ ಹೆಚ್ಚು ಸುರಿಯದೆ ಸೋಮವಾರಪೇಟೆಯ ಮಳೆ ಶೇ 25ರಷ್ಟು ಏರಿಬಿಟ್ಟಿತು! ಮಳೆ ಜೋರಾಗಿರುವ ಶಾಂತಳ್ಳಿ ಒಳಗೇ ಉಳಿದು, ಬಯಲುಸೀಮೆಗೆ ತಾಗಿದ ಕುಶಾಲನಗರ ಹೊರಗೆ ಹೋಗಿದ್ದೇ ಇದಕ್ಕೆ ಕಾರಣ. ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸದನ್ನು ಅಂಟಿಸಿ ಗೆರೆ ಎಳೆದರೆ, ತಾಲ್ಲೂಕು ಒಡೆದ ವರ್ಷದಲ್ಲೇ ಗೆರೆ ಮೆಟ್ಟಿಲಿನಂತೆ ಮೇಲೇಳುತ್ತದೆ. ನೋಡಿದವರು ಅದನ್ನು ಹವಾಮಾನದ ಬದಲಾವಣೆ ಎಂದುಕೊಳ್ಳುತ್ತಾರೆ.

ಜಿಲ್ಲೆಯ ಗಡಿ ಬದಲಾಗಿಲ್ಲ, ಅದರ ಸರಾಸರಿಗೇನು ಭಯ ಎನ್ನಬಹುದು. ಆದರೆ ತಾಲ್ಲೂಕು ಸರಾಸರಿಗಳನ್ನೇ ಕೂಡಿ ಜಿಲ್ಲೆಯ ಸರಾಸರಿ ತೆಗೆಯುವುದಾದರೆ ಅದೂ ಬದಲಾಗುತ್ತದೆ. ಅದೇ ದಿನ ಮಡಿಕೇರಿಯಲ್ಲಿ 90, ಹಳೆಯ ವಿರಾಜಪೇಟೆಯ ಎರಡೂ ಭಾಗಗಳಲ್ಲಿ 45 ಎಂದಿಟ್ಟುಕೊಳ್ಳಿ. 3 ತಾಲ್ಲೂಕಿನ ಲೆಕ್ಕದಲ್ಲಿ ಜಿಲ್ಲೆಗೆ 55, 5 ತಾಲ್ಲೂಕಿನ ಲೆಕ್ಕದಲ್ಲಿ 46.5. ಹೆಚ್ಚು ಮಳೆಯ ಮಡಿಕೇರಿಯ ಪಾಲು ಮೂರರಲ್ಲೊಂದರಿಂದ ಐದರಲ್ಲೊಂದಕ್ಕೆ ಇಳಿದದ್ದೇ ಈ ಕುಸಿತಕ್ಕೆ ಮುಖ್ಯ ಕಾರಣ.

ಮರುಲೆಕ್ಕ ಹಾಕುವ ಬಗೆ

ಮೊದಲ ನಿಯಮ, ಹೋಬಳಿಯ ಅಳತೆಯನ್ನು ಮುಟ್ಟಬಾರದು. ಮಳೆಮಾಪಕದಲ್ಲಿ ಕಂಡದ್ದು ಅದೊಂದೇ, ಉಳಿದದ್ದೆಲ್ಲ ಅದರಿಂದ ಹುಟ್ಟಿದ ಲೆಕ್ಕ. ಯಾವ ಹೋಬಳಿ ಯಾವ ತಾಲ್ಲೂಕಿಗೆ ಸೇರಿದ್ದು ಎಂಬುದನ್ನು ಬೇರೆ ಕೋಷ್ಟಕದಲ್ಲಿ, ಆವೃತ್ತಿಯೊಡನೆ ಬರೆದಿಡಬೇಕು:

```
hobli         v1          v2
Shantalli     Somwarpet   Somwarpet
Suntikoppa    Somwarpet   Kushalnagar
Kushalnagar   Somwarpet   Kushalnagar
```

ಬಳಿಕ ಹಿಂದಿನ ಎಲ್ಲ ವರ್ಷಗಳ ಹೋಬಳಿ ಅಂಕಿಗಳನ್ನು `v2` ಪ್ರಕಾರ ಮತ್ತೆ ಕೂಡಿಸಬೇಕು. ಆಗ ಗೆರೆ ಉದ್ದಕ್ಕೂ ಒಂದೇ ಗಡಿಯದ್ದಾಗುತ್ತದೆ. ಹಾಗೆಂದು `v1` ಅಂಕಿಗಳನ್ನು ಅಳಿಸುವಂತಿಲ್ಲ. ಆ ದಿನ ಪತ್ರಿಕೆಯಲ್ಲಿ ಅಚ್ಚಾದದ್ದು 30. ಮುಂದೊಂದು ದಿನ ಹಳೆಯ ಪತ್ರಿಕೆ ಹಿಡಿದು ಬಂದವರಿಗೆ ಆ 30 ಹೇಗೆ ಬಂತೆಂದು ತೋರಿಸಲು ಆಗಬೇಕು. ತೆರೆಯ ಮೇಲೂ ಬರೀ ‘ಸೋಮವಾರಪೇಟೆ’ ಎನ್ನದೆ ‘ಸೋಮವಾರಪೇಟೆ (4 ಹೋಬಳಿ)’ ಎಂದು ಬರೆದರೆ ಗೊಂದಲವೇ ಇರದು.

ಲೆಕ್ಕ ಸರಿಯೇ ಎಂದು ತಿಳಿಯಲು ತಾಳೆ ನೋಡುವ ದಾರಿಯಿದೆ. ಹೊಸ ಎರಡು ತಾಲ್ಲೂಕುಗಳ ಸರಾಸರಿಯನ್ನು ಅವುಗಳ ಹೋಬಳಿ ಸಂಖ್ಯೆಯಿಂದ ಗುಣಿಸಿ ಕೂಡಿಸಿ: 37.5 × 4 + 15 × 2 = 180. ಆರರಿಂದ ಭಾಗಿಸಿದರೆ ಹಳೆಯ 30 ಮರಳಿ ಸಿಗಬೇಕು. ಸಿಗದಿದ್ದರೆ ಹೋಬಳಿಯೊಂದು ಬಿಟ್ಟುಹೋಗಿದೆ, ಇಲ್ಲವೇ ಅಳತೆ ಬಾರದ ದಿನವನ್ನು ಯಾರೋ ಸೊನ್ನೆ ಎಂದು ತುಂಬಿದ್ದಾರೆ.

ಈ ವಿಧಾನಕ್ಕೂ ಮಿತಿಯಿದೆ. ಹಳೆಯ ವರ್ಷಗಳ ಹೋಬಳಿ ಅಂಕಿ ಕಳೆದುಹೋಗಿ ತಾಲ್ಲೂಕು ಸರಾಸರಿ ಮಾತ್ರ ಉಳಿದಿದ್ದರೆ ಮರುಲೆಕ್ಕ ಸಾಧ್ಯವಿಲ್ಲ. 30 ಎಂಬ ಅಂಕಿಯೊಳಗೆ ಶಾಂತಳ್ಳಿಯ ಪಾಲೆಷ್ಟು, ಕುಶಾಲನಗರದ ಪಾಲೆಷ್ಟು ಎಂದು ಯಾರೂ ಬಿಡಿಸಲಾರರು. ಆ ವರ್ಷಗಳಲ್ಲಿ ಹೊಸ ಗೆರೆಯನ್ನು ಖಾಲಿ ಬಿಡುವುದೇ ಸರಿ.

ವಾಡಿಕೆ ಮಳೆಯೂ ಬದಲಾಗುತ್ತದೆ

ದೇಶದ ಮಟ್ಟದಲ್ಲೂ ಇಂಥದ್ದೇ ನಡೆಯಿತು. 2022ರಲ್ಲಿ ಭಾರತೀಯ ಹವಾಮಾನ ಇಲಾಖೆ ಮುಂಗಾರಿನ ವಾಡಿಕೆ ಮಳೆಯನ್ನು 880.6 ಮಿ.ಮೀ.ನಿಂದ 868.6ಕ್ಕೆ ಇಳಿಸಿತು. ಮೊದಲನೆಯದು 1961–2010ರ ಸರಾಸರಿ, ಎರಡನೆಯದು 1971–2020ರದ್ದು. 2021ರಲ್ಲಿ ಸುರಿದ ಸುಮಾರು 87 ಸೆಂ.ಮೀ. ಮಳೆ ಹಳೆಯ ವಾಡಿಕೆಗಿಂತ ಶೇ 1ರಷ್ಟು ಕಡಿಮೆ, ಹೊಸದಕ್ಕೆ ಸರಿಸಮ. ಎರಡೂ ನಿಜವೇ. ವಾಡಿಕೆಯ ಜೊತೆಗೆ ಅದರ ವರ್ಷಗಳನ್ನೂ ಬರೆದಿಟ್ಟಿರುವುದರಿಂದಲೇ ಯಾವ ಮಾತು ಯಾವ ಅಳತೆಗೋಲಿನದು ಎಂದು ಇಂದಿಗೂ ಹೇಳಬಹುದು. ಸೋಮವಾರಪೇಟೆಯ ಪಕ್ಕ ಬರೆಯುವ ‘4 ಹೋಬಳಿ’ ಮಾಡುವುದೂ ಇದೇ ಕೆಲಸವನ್ನು.