ಸ್ಕ್ಯಾನಿಗೆ ಮಲಗಿಸಿದ ಮಗುವಿನ ಉಸಿರು

ಮೂರು ವರ್ಷದ ಹುಡುಗಿ, 12 ಕೆ.ಜಿ. ತೂಕ. ಎರಡು ಸಲ ಫಿಟ್ಸ್ ಬಂದಿದ್ದರಿಂದ ಡಾಕ್ಟರು ಮೆದುಳಿನ ಎಂಆರ್‌ಐ ಬರೆದುಕೊಟ್ಟಿದ್ದಾರೆ ಎಂದುಕೊಳ್ಳಿ. ಸಿ.ಟಿ. ಸ್ಕ್ಯಾನ್ ಆಗಿದ್ದರೆ ಕೆಲವೇ ಸೆಕೆಂಡಿನ ಕೆಲಸ. ಅಮ್ಮ ಪಕ್ಕದಲ್ಲಿ ನಿಂತು ಮಾತಾಡಿಸುತ್ತಿದ್ದರೆ ಎಷ್ಟೋ ಸಲ ಹಾಗೆಯೇ ಮುಗಿದುಹೋಗುತ್ತದೆ. ಎಂಆರ್‌ಐ ಹಾಗಲ್ಲ. ಅರ್ಧ ಗಂಟೆಗೂ ಮೇಲೆ ಆ ಸುರಂಗದೊಳಗೆ, ಕಿವಿಗಡಚಿಕ್ಕುವ ಸದ್ದಿನಲ್ಲಿ, ತಲೆ ಒಂದಿಷ್ಟೂ ಅಲುಗದಂತೆ ಮಲಗಿರಬೇಕು. ಹಸುಗೂಸಾದರೆ ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ತಾನಾಗಿ ನಿದ್ದೆ ಹೋಗುತ್ತದೆ. ಮೂರು ವರ್ಷದ ಮಗುವಿನ ಹತ್ತಿರ ಆ ಉಪಾಯ ನಡೆಯುವುದಿಲ್ಲ. ಆಗ ಔಷಧ ಕೊಟ್ಟು ನಿದ್ದೆ ಬರಿಸಬೇಕಾಗುತ್ತದೆ. ಇದಕ್ಕೆ ಸೆಡೇಷನ್ ಎನ್ನುತ್ತಾರೆ.

ಅಪ್ಪ ಅಮ್ಮ ಮೊದಲು ಕೇಳುವುದು, ‘ಇಂಜೆಕ್ಷನ್ನೋ, ಸಿರಪ್ಪೋ?’ ಎಂದು. ಸಿರಪ್ ಎಂದರೆ ಸಮಾಧಾನ, ‘ಅನಸ್ತೇಸಿಯಾ’ ಎಂದರೆ ಗಾಬರಿ. ಅಪಾಯ ಇರುವುದು ಔಷಧ ದೇಹ ಸೇರುವ ದಾರಿಯಲ್ಲಿ ಅಲ್ಲ, ಅದು ತರುವ ನಿದ್ದೆಯ ಆಳದಲ್ಲಿ. ಕರೆದರೆ ಕಣ್ಣು ಬಿಡುವ ತೂಕಡಿಕೆಗೂ, ಚಿವುಟಿದರೂ ಎಚ್ಚರವಾಗದ ನಿದ್ದೆಗೂ ನಡುವೆ ಗೋಡೆಯೇನೂ ಇಲ್ಲ. ಅದೇ ಡೋಸ್‌ಗೆ ಒಂದು ಮಗು ಸುಮ್ಮನೆ ಮಂಕಾಗುತ್ತದೆ, ಇನ್ನೊಂದು ಮಗುವಿನ ನಾಲಿಗೆ ಸಡಿಲಗೊಂಡು ಹಿಂದಕ್ಕೆ ಬಿದ್ದು ಉಸಿರಿನ ದಾರಿಯನ್ನೇ ಮುಚ್ಚಬಹುದು.

ನಮ್ಮಲ್ಲಿ ಬಹಳ ಕಡೆ ಕೊಡುವುದು ಟ್ರೈಕ್ಲೋಫಾಸ್ ಸಿರಪ್. 5 ಎಂ.ಎಲ್.ನಲ್ಲಿ 500 ಮಿಲಿಗ್ರಾಂ ಔಷಧ ಇರುತ್ತದೆ. ಸಾಮಾನ್ಯವಾಗಿ ಕೆ.ಜಿ.ಗೆ 50 ಮಿಲಿಗ್ರಾಂ ಲೆಕ್ಕ ಹಿಡಿದರೆ ಈ ಹುಡುಗಿಗೆ 600 ಮಿಲಿಗ್ರಾಂ, ಅಂದರೆ 6 ಎಂ.ಎಲ್. ಲೆಕ್ಕ ಸುಲಭ, ತಪ್ಪುವುದೂ ಅಷ್ಟೇ ಸುಲಭ. ತೂಕವನ್ನು ಅಂದಾಜಿನಲ್ಲಿ ಬರೆದರೆ, ಮಿಲಿಗ್ರಾಂ ಎಂದಿದ್ದನ್ನು ಎಂ.ಎಲ್. ಎಂದು ಓದಿದರೆ, ಎಲ್ಲವೂ ತಲೆಕೆಳಗು. ಅದಕ್ಕೇ ಆ ದಿನವೇ ತೂಕ ನೋಡಬೇಕು, ಡೋಸ್ ಅನ್ನು ಇಬ್ಬರು ಲೆಕ್ಕ ಹಾಕಬೇಕು.

ಈ ಸಿರಪ್ಪಿನ ತೊಂದರೆ ಅದರ ನಿಧಾನ. ನಿದ್ದೆ ಹತ್ತಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಸ್ಕ್ಯಾನ್ ಸೆಂಟರಿನಲ್ಲಿ ಸರದಿ ಬಂದಿರುತ್ತದೆ, ಮಗು ಇನ್ನೂ ಆಟವಾಡುತ್ತಿರುತ್ತದೆ. ‘ಇನ್ನೊಂದು ಸ್ವಲ್ಪ ಕೊಡೋಣ’ ಎನ್ನುತ್ತಾರೆ. ಮೊದಲ ಡೋಸ್ ಆಗಷ್ಟೇ ರಕ್ತ ಸೇರುತ್ತಿದೆ. ಅದರ ಮೇಲೆ ಎರಡನೆಯದು. ಎರಡೂ ಸೇರಿ ಪೂರ್ಣ ಪ್ರಭಾವ ಕಾಣಿಸುವ ಹೊತ್ತಿಗೆ ಸ್ಕ್ಯಾನ್ ಮುಗಿದಿರುತ್ತದೆ, ಮಗುವನ್ನು ಕೆಣಕುತ್ತಿದ್ದ ಯಂತ್ರದ ಸದ್ದೂ ನಿಂತಿರುತ್ತದೆ. ನಿದ್ದೆ ಇನ್ನಷ್ಟು ಆಳಕ್ಕಿಳಿಯುವುದು ಆಗಲೇ. ಈ ಔಷಧಕ್ಕೆ ಮಾರು ಔಷಧವಿಲ್ಲ, ದೇಹದಿಂದ ಹೊರಹೋಗಲು ಅದು ಹಲವು ಗಂಟೆ ತೆಗೆದುಕೊಳ್ಳುತ್ತದೆ.

ಈಚೆಗೆ ಹಲವು ಆಸ್ಪತ್ರೆಗಳಲ್ಲಿ ಡೆಕ್ಸ್‌ಮೆಡಿಟೊಮಿಡಿನ್ ಎಂಬ ಔಷಧವನ್ನು ಮೂಗಿಗೆ ಸಿಂಪಡಿಸುತ್ತಾರೆ. ಕೆ.ಜಿ.ಗೆ 3 ಮೈಕ್ರೋಗ್ರಾಂ ಎಂದರೆ ಈ ಹುಡುಗಿಗೆ 36 ಮೈಕ್ರೋಗ್ರಾಂ, 1 ಎಂ.ಎಲ್.ಗೆ 100 ಮೈಕ್ರೋಗ್ರಾಂ ಇರುವ ಔಷಧದಲ್ಲಿ 0.36 ಎಂ.ಎಲ್. ಮಾತ್ರ, ಎರಡು ಹೊಳ್ಳೆಗೂ ಅರ್ಧರ್ಧ. ಇದು ತರುವ ನಿದ್ದೆ ಸಹಜ ನಿದ್ದೆಗೆ ಹತ್ತಿರ, ಉಸಿರನ್ನು ಕುಗ್ಗಿಸುವುದು ಕಡಿಮೆ. ಆದರೆ ನಾಡಿಬಡಿತ ನಿಧಾನವಾಗುತ್ತದೆ, ಅದರ ಮೇಲೆ ಕಣ್ಣಿಟ್ಟಿರಬೇಕು. ಅರಿವಳಿಕೆ ತಜ್ಞರು ಕೈಯ ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಒಂದು ನಿಮಿಷದೊಳಗೆ ಮಲಗಿಸುತ್ತದೆ, ನಿಲ್ಲಿಸಿದ ಮೇಲೆ ಮಗು ಬೇಗ ಏಳುತ್ತದೆ. ಉಸಿರನ್ನು ನಿಲ್ಲಿಸಿಬಿಡುವ ಶಕ್ತಿಯೂ ಅದಕ್ಕಿದೆ, ಆದ್ದರಿಂದ ಉಸಿರು ಕೊಡಲು ಬಲ್ಲವರ ಕೈಯಲ್ಲೇ ಇರಬೇಕು. ನನ್ನನ್ನು ಕೇಳಿದರೆ, ಯಾರೂ ನೋಡಿಕೊಳ್ಳದ ಸಿರಪ್ಪಿಗಿಂತ ತಜ್ಞರು ಪಕ್ಕದಲ್ಲಿರುವ ಇಂಜೆಕ್ಷನ್ನೇ ಮೇಲು.

ಯಾವ ಔಷಧವಾದರೂ ಹೊಟ್ಟೆ ಖಾಲಿ ಇರಬೇಕು. ಊಟ, ತಿಂಡಿ, ಹಸುವಿನ ಹಾಲು ನಿಲ್ಲಿಸಿ 6 ಗಂಟೆ, ಎದೆಹಾಲಿಗೆ 4, ಬರೀ ನೀರಿಗೆ 2. ಔಷಧದ ನಿದ್ದೆಯಲ್ಲಿ ವಾಂತಿಯಾದರೆ ಮಗು ಕೆಮ್ಮಿ ಹೊರಹಾಕಲಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ‘ಪಾಪ, ಅಳ್ತಿದೆ’ ಎಂದು ಅಜ್ಜಿ ಕದ್ದು ಕೊಟ್ಟ ಒಂದು ಬಿಸ್ಕತ್ತನ್ನೂ ಡಾಕ್ಟರಿಗೆ ಹೇಳಿಬಿಡುವುದು ಒಳ್ಳೆಯದು. ಆದರೆ ದಿನಾ ಕೊಡುವ ಫಿಟ್ಸ್ ಮಾತ್ರೆಯನ್ನು ಉಪವಾಸದ ನೆಪದಲ್ಲಿ ತಾವಾಗಿಯೇ ಬಿಡಿಸಬಾರದು. ಡಾಕ್ಟರನ್ನು ಕೇಳಿದರೆ, ಸಾಮಾನ್ಯವಾಗಿ ಒಂದು ಗುಟುಕು ನೀರಿನಲ್ಲಿ ಕೊಡಲು ಹೇಳುತ್ತಾರೆ. ನೆಗಡಿ, ಕೆಮ್ಮು ಇದ್ದರೆ, ರಾತ್ರಿ ಗೊರಕೆ ಹೊಡೆಯುತ್ತಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಇನ್ನು ಕಾವಲಿನ ಮಾತು. ತೂಕಕ್ಕೆ ಹೋಲಿಸಿದರೆ ಪುಟ್ಟ ಮಗು ದೊಡ್ಡವರಿಗಿಂತ ಸುಮಾರು ಎರಡು ಪಟ್ಟು ಆಮ್ಲಜನಕ ಖರ್ಚು ಮಾಡುತ್ತದೆ, ಶ್ವಾಸಕೋಶದಲ್ಲಿ ಉಳಿತಾಯ ಕಡಿಮೆ. ಉಸಿರು ನಿಂತರೆ ಬಹಳ ಬೇಗ ನೀಲಿಗಟ್ಟುತ್ತದೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಎಲ್ಲರೂ ನೋಡಿದ್ದೇವೆ. ಅದಕ್ಕೆ ಒಂದು ಮಿತಿ ಇದೆ. ಮೂಗಿನ ನಳಿಗೆಯಿಂದ ಆಮ್ಲಜನಕ ಕೊಡುತ್ತಿದ್ದಾಗ ಉಸಿರು ನಿಂತರೂ ಅದು ಸ್ವಲ್ಪ ಹೊತ್ತು 98, 99 ಎಂದೇ ತೋರಿಸುತ್ತಿರುತ್ತದೆ. ಅದು ಹೇಳುವುದು ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು, ಮಗು ಉಸಿರಾಡುತ್ತಿದೆಯೇ ಎಂದಲ್ಲ. ಉಸಿರನ್ನೇ ಅಳೆಯುವುದು ಕ್ಯಾಪ್ನೋಗ್ರಫಿ. ಹೊರಬಿಟ್ಟ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅದು ಅಲೆಯಾಗಿ ತೋರಿಸುತ್ತದೆ. ಉಸಿರು ನಿಂತ ಕೂಡಲೇ ಅಲೆ ಮಾಯವಾಗಿ ಗೆರೆ ಮಲಗಿಬಿಡುತ್ತದೆ.

ಎಂಆರ್‌ಐ ಕೋಣೆಯಲ್ಲಿ ಇದು ಇನ್ನೂ ಮುಖ್ಯ. ಮಗು ಸುರಂಗದೊಳಗಿದ್ದರೆ ಎದೆ ಏರಿಳಿಯುವುದು ಕಣ್ಣಿಗೆ ಸರಿಯಾಗಿ ಬೀಳದು, ಸದ್ದಿನಲ್ಲಿ ಗೊರಕೆಯೂ ಕೇಳದು. ಉಪಕರಣಗಳೆಲ್ಲ ಆಯಸ್ಕಾಂತದ ಕೋಣೆಗೆಂದೇ ಮಾಡಿದವಾಗಿರಬೇಕು. ಸಾಮಾನ್ಯ ಆಕ್ಸಿಮೀಟರಿನ ತಂತಿ ಬಿಸಿಯಾಗಿ ಬೆರಳು ಸುಡಬಹುದು, ಕಬ್ಬಿಣದ ಸಿಲಿಂಡರ್ ಹಾರಿಹೋಗಿ ಮಗುವಿಗೇ ಬಡಿಯಬಹುದು. ಅಲೆ ನಿಂತಿತೆಂದರೆ ಸ್ಕ್ಯಾನ್ ನಿಲ್ಲಿಸಿ, ಮೇಜನ್ನು ಹೊರಗೆಳೆದು, ಗದ್ದ ಮೇಲೆತ್ತಬೇಕು. ಹಲವು ಸಲ ಇಷ್ಟರಲ್ಲೇ ದಾರಿ ತೆರೆದು ಉಸಿರು ಬರುತ್ತದೆ. ಬರದಿದ್ದರೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಬೇಕು. ಆ ಮಾಸ್ಕ್ ಮಗುವಿನ ಮುಖದ ಅಳತೆಯದಾಗಿರಬೇಕು, ಕೈಗೆಟಕುವಲ್ಲಿರಬೇಕು.

ಹಲ್ಲಿನ ಕ್ಲಿನಿಕ್ಕಿನಲ್ಲಿ ತೊಡಕು ಬೇರೆ. ಅಲ್ಲಿ ಕೆಲಸ ನಡೆಯುವುದೇ ಉಸಿರಿನ ದಾರಿಯ ಬಾಗಿಲಲ್ಲಿ. ಬಾಯೊಳಗೆ ನೀರು, ಹತ್ತಿ, ಹಲ್ಲಿನ ಚೂರು. ಹಲ್ಲು ನೋಡುತ್ತಿರುವವರೇ ಉಸಿರನ್ನೂ ನೋಡಲಾಗದು. ಅಮೆರಿಕದ ಮಕ್ಕಳ ವೈದ್ಯರ ಹಾಗೂ ಮಕ್ಕಳ ದಂತವೈದ್ಯರ ಸಂಘಗಳು 2019ರ ತಮ್ಮ ಮಾರ್ಗಸೂಚಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿವೆ: ಆಳವಾದ ಸೆಡೇಷನ್ ಇದ್ದರೆ ಅರಿವಳಿಕೆಯಲ್ಲಿ ಪಳಗಿದ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುತ್ತಲೇ ಇರಬೇಕು. ಮರಗಟ್ಟಿಸುವ ಲಿಗ್ನೊಕೇನ್ ಇಂಜೆಕ್ಷನ್ನಿಗೂ ತೂಕದ ಲೆಕ್ಕವಿದೆ. ಒಂದೇ ದಿನ ನಾಲ್ಕು ಹಲ್ಲು ಮುಗಿಸುವ ಆಸೆಯಲ್ಲಿ ಅದು ಮಿತಿ ಮೀರಬಹುದು, ನಿದ್ದೆಯ ಔಷಧದ ಜೊತೆ ಸೇರಿದರಂತೂ ಇನ್ನೂ ಕೆಟ್ಟದ್ದು.

ಔಷಧವನ್ನು ಮನೆಯಲ್ಲೇ ಕುಡಿಸಿ ಹೊರಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬಸ್ಸಿನಲ್ಲೋ ಆಟೋದಲ್ಲೋ ಮಗು ಮಲಗಿ ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ವಾಪಸ್ ಬರುವಾಗಲೂ ಅದೇ ಅಪಾಯ. ಮಗು ತಾನಾಗಿ ಎಚ್ಚರವಾಗಿ, ಕೆಣಕದೆ ಬಿಟ್ಟರೂ ಎಚ್ಚರವಾಗಿಯೇ ಉಳಿದು, ಅಮ್ಮನನ್ನು ಗುರುತಿಸಿ, ಮೊದಲಿನಂತೆ ಕೂತ ಮೇಲೆಯೇ ಹೊರಡಬೇಕು. ದಾರಿಯಲ್ಲಿ ವಾಹನ ನಡೆಸುವವರಲ್ಲದೆ ಇನ್ನೊಬ್ಬರು ಮಗುವಿನ ತಲೆ ನೆಟ್ಟಗಿದೆಯೇ ಎಂದು ನೋಡುತ್ತಿರಬೇಕು. ಮನೆಯಲ್ಲಿ ಮತ್ತೆ ಮಲಗಿದರೆ ಆಗಾಗ ಮುಟ್ಟಿ ಎಬ್ಬಿಸಿ ನೋಡಿ. ಏಳಿಸಿದರೂ ಏಳದಿದ್ದರೆ, ಗೊರಕೆಯಂಥ ಸದ್ದಿನಲ್ಲಿ ಎದೆ ಒಳಕ್ಕೆ ಎಳೆಯುತ್ತಿದ್ದರೆ, ‘ಔಷಧದ ಮಂಪರು, ಮಲಗಲಿ ಬಿಡು’ ಎನ್ನದೆ ಗದ್ದ ಮೇಲೆತ್ತಿ ಹಿಡಿದು 108ಕ್ಕೆ ಫೋನ್ ಮಾಡಿ.