ಅಲರ್ಟ್ ಬಂದ ಮೊದಲ ಹತ್ತು ನಿಮಿಷ

2012ರ ಆಗಸ್ಟ್ 1ರ ಬೆಳಗ್ಗೆ 8 ಗಂಟೆ 1 ನಿಮಿಷಕ್ಕೆ, ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನ ಒಂದು ಗಣಕ ವ್ಯವಸ್ಥೆ ಸಿಬ್ಬಂದಿಗೆ ಇಮೇಲ್ ಕಳಿಸತೊಡಗಿತು. ಮಾರುಕಟ್ಟೆ ತೆರೆಯುವುದು 9.30ಕ್ಕೆ. ಅಷ್ಟರೊಳಗೆ 97 ಇಮೇಲ್‌ಗಳು ಬಂದಿದ್ದವು. ಏನೋ ಸರಿಯಿಲ್ಲ ಎಂದು ಪ್ರತಿಯೊಂದೂ ಹೇಳುತ್ತಿತ್ತು. ಆದರೆ ಅವನ್ನು ಎಚ್ಚರಿಕೆ ಎಂದು ಯಾರೂ ಓದಲಿಲ್ಲ, ಏಕೆಂದರೆ ಅಂಥ ಇಮೇಲ್‌ಗಳನ್ನು ಆ ಸಂಸ್ಥೆಯಲ್ಲಿ ಎಚ್ಚರಿಕೆಯಾಗಿ ಬಳಸುವ ರೂಢಿಯೇ ಇರಲಿಲ್ಲ. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಪ್ರೋಗ್ರಾಂ ಹಾಕಿದ್ದರು, ಒಂದು ತಪ್ಪಿಹೋಗಿತ್ತು. ಮಾರುಕಟ್ಟೆ ತೆರೆದ ಕೂಡಲೇ ಆ ಒಂದು ಸರ್ವರ್‌ನಲ್ಲಿ ವರ್ಷಗಟ್ಟಲೆ ಮಲಗಿದ್ದ ಹಳೆಯ ಪ್ರೋಗ್ರಾಂ ಎಚ್ಚೆತ್ತು, ಯಾರೂ ಕೇಳದ ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೋಯಿತು. ಗಾಬರಿಯಾದ ಸಿಬ್ಬಂದಿ ತಪ್ಪು ಹೊಸ ಪ್ರೋಗ್ರಾಂನಲ್ಲಿದೆ ಎಂದುಕೊಂಡು, ಸರಿಯಾಗಿದ್ದ ಏಳೂ ಸರ್ವರ್‌ಗಳಿಂದ ಅದನ್ನು ತೆಗೆದುಹಾಕಿದರು. ತೊಂದರೆ ಇನ್ನಷ್ಟು ಹಬ್ಬಿತು. 45 ನಿಮಿಷಗಳಲ್ಲಿ ಆದ ನಷ್ಟ 46 ಕೋಟಿ ಡಾಲರ್‌ಗೂ ಮಿಗಿಲು. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಸಿಬ್ಬಂದಿಗೆ ದಾರಿ ತೋರುವ ವಿಧಿವಿಧಾನವೇ ಅಲ್ಲಿರಲಿಲ್ಲ ಎಂದು ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಣ ಆಯೋಗ 2013ರಲ್ಲಿ ದಾಖಲಿಸಿತು.

ನಮ್ಮ ಕೆಲಸಕ್ಕೆ ಹೊಸದಾಗಿ ಸೇರುವವರ ಕೈಗೆ ಎರಡು ಪುಟದ ಕೈಪಿಡಿಯೊಂದನ್ನು ಕೊಡುವುದು ಇದಕ್ಕಾಗಿಯೇ. ನಮ್ಮದು ಸಪೋರ್ಟ್ ಕೆಲಸ. ಜನ ನಿಜವಾಗಿ ಬಳಸುತ್ತಿರುವ ವ್ಯವಸ್ಥೆಗೆ ನಮ್ಮವರು ‘ಪ್ರೊಡಕ್ಷನ್’ ಅನ್ನುತ್ತಾರೆ. ಅಲ್ಲಿ ಏನಾದರೂ ಕೆಟ್ಟರೆ ಶಿಫ್ಟ್‌ನಲ್ಲಿರುವವರ ಫೋನ್ ಕೂಗಿಕೊಳ್ಳುತ್ತದೆ. ಆಗ ಕೆಟ್ಟದ್ದನ್ನು ಸರಿಪಡಿಸುವುದು ಹೊಸಬರ ಕೆಲಸವಲ್ಲ. ತೊಂದರೆ ಎಷ್ಟು ದೊಡ್ಡದೆಂದು ಅಳೆದು, ಸರಿಯಾದವರನ್ನು ಎಬ್ಬಿಸುವುದು ಅವರ ಕೆಲಸ. ಈ ಮಾತು ಹೇಳುವುದು ಸುಲಭ. ಕಾರಣ ಹುಡುಕುವ ಚಪಲ ಬಿಡುವುದು ಬಹಳ ಕಷ್ಟ, ಅದರಲ್ಲೂ ಚುರುಕಾದ ಹುಡುಗ ಹುಡುಗಿಯರಿಗೆ.

ಕೈಪಿಡಿಯಲ್ಲಿರುವ ಉದಾಹರಣೆಯನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಇದು ಕಲ್ಪಿಸಿದ ಪ್ರಸಂಗ, ಆದರೆ ಇದರ ಒಂದೊಂದು ಎಳೆಯೂ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ನಡೆಯುವಂಥದ್ದೇ. ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಸೇವೆ. ದೀಪಾವಳಿಗೆ ಊರಿಗೆ ಹೊರಟವರ ನೂಕುನುಗ್ಗಲು. ರಾತ್ರಿ 9 ಗಂಟೆ 12 ನಿಮಿಷಕ್ಕೆ ಈ ಅಲರ್ಟ್ ಬರುತ್ತದೆ:

```
[FIRING] PaymentConfirmFailures
service=ticket-payment  env=prod
value=18%  threshold=5%  for=5m
```

ಮೊದಲು ಮಾಡಬೇಕಾದದ್ದು ಅಲರ್ಟನ್ನು ಪೂರ್ತಿ ಓದುವುದು. `env=prod` ಎಂದರೆ ಇದು ಪರೀಕ್ಷೆಗೆ ಇಟ್ಟ ವ್ಯವಸ್ಥೆಯಲ್ಲ, ಜನ ಹಣ ಕಟ್ಟುತ್ತಿರುವ ವ್ಯವಸ್ಥೆ. ಹಣ ಪಾವತಿ ಖಚಿತವಾಗದ ಪ್ರಕರಣಗಳು ಶೇ. 5 ದಾಟಿದರೆ ತಿಳಿಸು ಎಂದಿದ್ದರು, ಈಗ ಅವು ಶೇ. 18 ಆಗಿವೆ. ಹೊಸಬರ ಕಣ್ಣು ತಪ್ಪಿಸುವುದು ಕೊನೆಯ `for=5m`. ಶೇ. 5ರ ಗಡಿಯನ್ನು ಐದು ನಿಮಿಷ ಸತತವಾಗಿ ಮೀರಿದ ಮೇಲಷ್ಟೇ ಈ ಅಲರ್ಟ್ ಕೂಗುತ್ತದೆ. ಅಂದರೆ ತೊಂದರೆ 9.12ಕ್ಕೆ ಶುರುವಾದದ್ದಲ್ಲ. 9.07ಕ್ಕೇ, ಅಥವಾ ಅದಕ್ಕೂ ಮೊದಲೇ ಶುರುವಾಗಿದೆ. ಗಡಿಯಾರ ನೋಡುವಾಗ ಆ ಐದು ನಿಮಿಷವನ್ನೂ ಸೇರಿಸಿಕೊಳ್ಳಬೇಕು.

ಅದಾದ ಮೇಲೆ ಫೋನಿನಲ್ಲಿ ‘ಅಕ್‌ನಾಲೆಜ್’ ಒತ್ತಬೇಕು. ಇದಕ್ಕೆ ‘ನಾನು ನೋಡುತ್ತಿದ್ದೇನೆ’ ಎಂದಷ್ಟೇ ಅರ್ಥ. ಒತ್ತದಿದ್ದರೆ, ನಿಗದಿಪಡಿಸಿದ ಕೆಲವು ನಿಮಿಷಗಳಲ್ಲಿ ಅಲರ್ಟ್ ತಾನಾಗಿಯೇ ಮುಂದಿನವರಿಗೆ ಹೋಗುತ್ತದೆ. ಒತ್ತಿದರೆ ಆ ದಾರಿ ಮುಚ್ಚುತ್ತದೆ. ಹಾಗಾಗಿ ನಿದ್ದೆಗಣ್ಣಿನಲ್ಲಿ ಒತ್ತಿ ಮತ್ತೆ ಮಗ್ಗುಲಾಗುವುದು, ಒತ್ತದೆ ಮಲಗಿರುವುದಕ್ಕಿಂತ ಅಪಾಯಕಾರಿ. ಆಗ ಜಗತ್ತಿನಲ್ಲಿ ಯಾರೂ ನೋಡುತ್ತಿರುವುದಿಲ್ಲ, ಆದರೆ ಯಾರೋ ನೋಡುತ್ತಿದ್ದಾರೆಂದು ಎಲ್ಲರೂ ನಂಬಿರುತ್ತಾರೆ.

ಈಗ ಅಳತೆ. ಶೇ. 18 ಎಂಬುದು ಅಷ್ಟರಿಂದಲೇ ಏನನ್ನೂ ಹೇಳುವುದಿಲ್ಲ, ಎಷ್ಟರಲ್ಲಿ ಶೇ. 18 ಎಂದು ಕೇಳಬೇಕು. ಬೆಳಗಿನ ಜಾವ 3ಕ್ಕೆ ಐದು ನಿಮಿಷದಲ್ಲಿ 11 ಜನ ಹಣ ಕಟ್ಟಲು ಹೋಗಿ ಇಬ್ಬರದು ಕೈಕೊಟ್ಟರೂ ಶೇ. 18 ಆಗುತ್ತದೆ. ಆ ಇಬ್ಬರ ಮೊಬೈಲ್ ಸಿಗ್ನಲ್ಲೇ ಹೋಗಿದ್ದಿರಬಹುದು. ಹಬ್ಬದ ಮುಂಚಿನ ರಾತ್ರಿ 9ಕ್ಕೆ ಐದು ನಿಮಿಷದಲ್ಲಿ 1,200 ಪಾವತಿ ನಡೆಯುತ್ತಿದ್ದರೆ ಅದೇ ಶೇ. 18 ಎಂದರೆ 216 ಜನ. ಒಂದೇ ಅಲರ್ಟ್, ಅದೇ ಅಂಕಿ. ಒಂದಕ್ಕೆ ಬೆಳಗಿನವರೆಗೆ ಕಾಯಬಹುದು, ಇನ್ನೊಂದಕ್ಕೆ ಒಂದು ನಿಮಿಷವೂ ಕಾಯುವಂತಿಲ್ಲ.

ಹಾಗಾಗಿ ಡ್ಯಾಶ್‌ಬೋರ್ಡ್ ತೆರೆದಾಗ ಎರಡು ಗೆರೆಗಳನ್ನು ಒಟ್ಟಿಗೆ ನೋಡಬೇಕು: ಒಟ್ಟು ಎಷ್ಟು ಪಾವತಿ, ಅದರಲ್ಲಿ ಎಷ್ಟು ವಿಫಲ. ನಮ್ಮ ಉದಾಹರಣೆಯಲ್ಲಿ ವಿಫಲದ ಗೆರೆ 9.05ಕ್ಕೆ ಶೇ. 1, 9.07ಕ್ಕೆ 6, 9.12ಕ್ಕೆ 18, 9.14ಕ್ಕೆ 23. ಏರುತ್ತಿದೆ. ಇನ್ನು ಯಾರಿಗೆ ಪೆಟ್ಟು ಬಿದ್ದಿದೆ ಎಂಬುದು. ಕಾರ್ಡಿನಲ್ಲಿ ಕಟ್ಟಿದವರಿಗೆ ಟಿಕೆಟ್ ಬರುತ್ತಿದೆ, ಯುಪಿಐನಲ್ಲಿ ಕಟ್ಟಿದವರಿಗೆ ಬರುತ್ತಿಲ್ಲ. ಬ್ಯಾಂಕ್ ಯಾವುದಾದರೂ ಒಂದೇ ಕಥೆ. ಎಲ್ಲಕ್ಕಿಂತ ಮುಖ್ಯವಾದದ್ದು, ಖಾತೆಯಿಂದ ಹಣ ಹೋಗುತ್ತಿದೆ, ‘ಹಣ ಬಂತು’ ಎಂಬ ಸಂದೇಶ ಮಾತ್ರ ಪಾವತಿ ಗೇಟ್‌ವೇಯಿಂದ ನಮ್ಮ ಸರ್ವರ್‌ಗೆ ತಲುಪುತ್ತಿಲ್ಲ. ಈ ನೋಟಕ್ಕೆ ಮೂರು ನಿಮಿಷ ಸಾಕು. ಅಷ್ಟರಲ್ಲಿ ಹತ್ತಾರು ಬೇರೆ ಅಲರ್ಟ್‌ಗಳೂ ಬಂದು ಬೀಳುತ್ತವೆ: ಸರದಿ ತುಂಬಿತು, ಡೇಟಾಬೇಸ್ ನಿಧಾನವಾಯಿತು ಎಂದು. ಅವುಗಳ ಬೆನ್ನು ಹತ್ತಬಾರದು. ಗ್ರಾಹಕನ ಅನುಭವಕ್ಕೆ ಯಾವುದು ಹತ್ತಿರವೋ ಆ ಅಲರ್ಟನ್ನೇ ಹಿಡಿದುಕೊಳ್ಳಬೇಕು.

ತೀವ್ರತೆಗೆ ಬಹುತೇಕ ಕಡೆ ಸೆವ್ 1, ಸೆವ್ 2, ಸೆವ್ 3 ಎಂಬ ಮೆಟ್ಟಿಲುಗಳಿವೆ. ಅಂಕಿ ಸಣ್ಣದಾದಷ್ಟೂ ಆಪತ್ತು ದೊಡ್ಡದು. ಶೇಕಡಾವಾರು ಇಷ್ಟಿದ್ದರೆ ಸೆವ್ 1, ಇಷ್ಟಿದ್ದರೆ ಸೆವ್ 2 ಎಂಬ ಪಟ್ಟಿಯೂ ಹಲವೆಡೆ ಇರುತ್ತದೆ. ಆ ಪಟ್ಟಿ ಬೇಕು. ಆದರೂ ಅದಕ್ಕಿಂತ ಮೇಲಿನದೊಂದು ಪ್ರಶ್ನೆಯಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ: ಈಗ ಕಳೆಯುತ್ತಿರುವ ನಿಮಿಷದಲ್ಲಿ ಆಗುವ ಹಾನಿಯನ್ನು ನಾಳೆ ಸರಿಮಾಡಲು ಆಗುತ್ತದೆಯೇ? ಒಂದು ಪುಟ ತೆರೆಯುವುದು ನಿಧಾನವಾದರೆ ಜನ ಬೇಸರಪಡುತ್ತಾರೆ, ಸರಿಹೋದ ಮೇಲೆ ಮತ್ತೆ ಬರುತ್ತಾರೆ. ನಮ್ಮ ಬಸ್ ಟಿಕೆಟ್ ಪ್ರಸಂಗ ಹಾಗಲ್ಲ. ಆಸನ ಆರಿಸಿದವರಿಗೆ ಅದನ್ನು ಹತ್ತು ನಿಮಿಷ ಮಾತ್ರ ಹಿಡಿದಿಡಲಾಗುತ್ತದೆ. ಪಾವತಿ ಖಚಿತವಾಗದಿದ್ದರೆ ಆಸನ ಬೇರೆಯವರಿಗೆ ಹೋಗುತ್ತದೆ. 9.07ಕ್ಕೆ ಹಣ ಕಟ್ಟಿದ ಹುಬ್ಬಳ್ಳಿಯ ಪ್ರಯಾಣಿಕನ ಆಸನ 9.17ಕ್ಕೆ ಇನ್ನೊಬ್ಬರ ಪಾಲಾಗುತ್ತದೆ. ಹಣ ಮರಳೀತು, ಹಬ್ಬದ ರಾತ್ರಿಯ ಆ ಆಸನ ಮರಳದು. ಜೊತೆಗೆ ಟಿಕೆಟ್ ಬಾರದವರು ಮತ್ತೊಮ್ಮೆ, ಮಗದೊಮ್ಮೆ ಹಣ ಕಟ್ಟುತ್ತಾರೆ. ಇದು ಸೆವ್ 1. ಶೇ. 23 ಆಗಿದೆ, 50 ಆಗಲಿ ನೋಡೋಣ ಎನ್ನುವ ಹಾಗಿಲ್ಲ.

ಸೆವ್ 1 ಎನ್ನಲು ಹೊಸಬರು ಹೆದರುತ್ತಾರೆ. ರಾತ್ರಿ ಹೊತ್ತು ಇಷ್ಟು ಜನರನ್ನು ಎಬ್ಬಿಸಿ, ಕೊನೆಗೆ ಏನೂ ಇಲ್ಲವೆಂದಾದರೆ ಎಂಬ ಅಳುಕು. ಅದಕ್ಕೇ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದೇವೆ: ಎರಡು ಮೆಟ್ಟಿಲುಗಳ ನಡುವೆ ಅನುಮಾನ ಬಂದರೆ ಮೇಲಿನದನ್ನೇ ಆರಿಸಿ. ಸೆವ್ 1 ಎಂದದ್ದನ್ನು ಹತ್ತು ನಿಮಿಷದ ಬಳಿಕ ಸೆವ್ 3ಕ್ಕೆ ಇಳಿಸಬಹುದು. ಸೆವ್ 3 ಎಂದು ಬರೆದಿಟ್ಟು ಕಳೆದ ಹತ್ತು ನಿಮಿಷ ಮಾತ್ರ ವಾಪಸ್ ಬಾರದು. ಹಾಗೆ ಎಬ್ಬಿಸಿದ್ದಕ್ಕೆ ಹೊಸಬರನ್ನು ಗದರುವ ಮೇಲಧಿಕಾರಿ, ಮುಂದಿನ ನಿಜವಾದ ಆಪತ್ತನ್ನು ತಾನೇ ತಡಮಾಡಿಕೊಳ್ಳುತ್ತಾನೆ.

ಇನ್ನು ಯಾರಿಗೆ ಫೋನ್ ಮಾಡುವುದು. ಪರಿಚಯದವರಿಗಲ್ಲ, ಆ ಹೊತ್ತಿನ ಪಾಳಿಯಲ್ಲಿ ಇರುವವರಿಗೆ. ಕೆಟ್ಟಿರುವ ಸೇವೆಯ ತಂಡದಲ್ಲಿ ಇವತ್ತು ಯಾರು ‘ಆನ್-ಕಾಲ್’ ಎಂಬುದು ಪಟ್ಟಿಯಲ್ಲಿರುತ್ತದೆ. ಸೆವ್ 1 ಆದರೆ ಚಾಟ್‌ನಲ್ಲಿ ಸಂದೇಶ ಹಾಕಿ ಕಾಯುವಂತಿಲ್ಲ, ಫೋನ್ ರಿಂಗ್ ಆಗಬೇಕು. ಎರಡು ಸಲ ಮಾಡಿದರೂ ಎತ್ತದಿದ್ದರೆ ಪಟ್ಟಿಯ ಎರಡನೆಯವರು. ಅವರೂ ಸಿಗದಿದ್ದರೆ ತಂಡದ ಮ್ಯಾನೇಜರ್. ಅದರ ಜೊತೆಜೊತೆಗೇ ಇನ್ಸಿಡೆಂಟ್ ಮ್ಯಾನೇಜರ್‌ಗೆ ಒಂದು ಕರೆ ಹೋಗಬೇಕು. ಅವರು ಕೋಡ್ ಮುಟ್ಟುವುದಿಲ್ಲ. ಎಲ್ಲರನ್ನೂ ಒಂದೇ ಕಾಲ್‌ಗೆ ಸೇರಿಸಿ, ಯಾರು ಏನು ಮಾಡುತ್ತಿದ್ದಾರೆಂದು ನೋಡಿಕೊಳ್ಳುತ್ತಾರೆ. ನೈಟ್ ಕ್ಯಾಪಿಟಲ್‌ನಲ್ಲಿ ನಡೆದಂತೆ ಸರಿಯಿದ್ದುದನ್ನು ಕಿತ್ತುಹಾಕುವ ಮುನ್ನ ‘ತಡೀರಿ, ಏಕೆ?’ ಎಂದು ಕೇಳುವವರು ಅವರೇ.

ಫೋನಿನಲ್ಲಿ ಆಡುವ ಮಾತೂ ಮೊದಲೇ ರೂಢಿಯಾಗಿರಬೇಕು. ಹೀಗೆ:

‘ಮೇಡಂ, ನಮಸ್ಕಾರ, ಸಪೋರ್ಟ್ ಶಿಫ್ಟ್‌ನಿಂದ ಮಾತಾಡ್ತಿದೀನಿ. ಸೆವ್ 1 ಮಾಡಿದೀನಿ. 9.07ರಿಂದ ಯುಪಿಐನಲ್ಲಿ ದುಡ್ಡು ಕಟ್ ಆಗ್ತಿದೆ, ಟಿಕೆಟ್ ಬರ್ತಿಲ್ಲ. ಕಾರ್ಡ್ ಸರಿ ಇದೆ. ಈಗ ಶೇಕಡ 23, ಏರ್ತಾ ಇದೆ. 9.02ಕ್ಕೆ ನೆಟ್‌ವರ್ಕ್ ತಂಡದವರು ಫೈರ್‌ವಾಲ್‌ನಲ್ಲಿ ಒಂದು ಬದಲಾವಣೆ ಮಾಡಿದಾರೆ. ನಾನು ಏನೂ ಮುಟ್ಟಿಲ್ಲ.’

‘ಸರಿಯಪ್ಪ, ಎರಡು ನಿಮಿಷದಲ್ಲಿ ಕಾಲ್‌ಗೆ ಬರ್ತೀನಿ. ನೆಟ್‌ವರ್ಕ್‌ನವರನ್ನೂ ಕರಿ.’

ಆ ಹುಡುಗ ‘ಫೈರ್‌ವಾಲ್ ಬದಲಿಸಿದ್ದರಿಂದ ಕೆಟ್ಟಿದೆ’ ಎನ್ನಲಿಲ್ಲ. ಬದಲಾವಣೆಯ ಹೊತ್ತು ಮತ್ತು ತೊಂದರೆಯ ಹೊತ್ತು ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ಮನಾದ. ತೀರ್ಮಾನ ಕೊಟ್ಟುಬಿಟ್ಟಿದ್ದರೆ ಎಲ್ಲರೂ ಅದರ ಹಿಂದೆಯೇ ಓಡುತ್ತಿದ್ದರು, ಅದು ತಪ್ಪಾಗಿದ್ದರೂ ಸಹ. ‘ಏನೂ ಮುಟ್ಟಿಲ್ಲ’ ಎಂಬ ಕೊನೆಯ ಮಾತಿಗೂ ಬೆಲೆಯಿದೆ. ಸರ್ವರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ನೆನಪಿನಲ್ಲಿದ್ದ ಸುಳಿವುಗಳು ಅಳಿಸಿಹೋಗುತ್ತವೆ. ಯಾರೋ ಒಳನುಗ್ಗಿದ್ದಾರೆ ಎಂಬ ಅನುಮಾನವಿದ್ದರಂತೂ ಮುಟ್ಟಲೇಬಾರದು, ಮೊದಲ ಕರೆಯೇ ಭದ್ರತಾ ತಂಡಕ್ಕೆ ಹೋಗಬೇಕು. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಅಂಥ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿಯಾಗಬೇಕು.

ಹೆಚ್ಚಿನವರು ಮರೆಯುವ ಕರೆ ಒಂದಿದೆ, ಅದು ಗ್ರಾಹಕ ಸೇವೆಯವರಿಗೆ ಮಾಡಬೇಕಾದದ್ದು. ಇಂಜಿನಿಯರ್‌ಗಳು ಕಾರಣ ಹುಡುಕುವಾಗ ಅತ್ತ ನೂರಾರು ಜನ ಸಿಟ್ಟಿನಿಂದ ಫೋನ್ ಮಾಡುತ್ತಿರುತ್ತಾರೆ. ‘ಯುಪಿಐನಲ್ಲಿ ತೊಂದರೆಯಿದೆ, ಮತ್ತೆ ಹಣ ಕಟ್ಟಬೇಡಿ’ ಎಂಬ ಒಂದು ಸಾಲನ್ನು ಅವರ ಕೈಗೆ ಕೊಟ್ಟರೆ, ಆ್ಯಪ್‌ನಲ್ಲೂ ಹಾಕಿಸಿದರೆ, ಎರಡೆರಡು ಸಲ ಕಟ್ಟುವುದು ಆಗಲೇ ತಗ್ಗುತ್ತದೆ. ಕಾರಣ ತಿಳಿಯುವ ಮೊದಲೇ ಹಾನಿ ತಗ್ಗಿಸುವ ಉಪಾಯವಿದು.

ನಮ್ಮ ಪ್ರಸಂಗದಲ್ಲಿ ಫೈರ್‌ವಾಲ್‌ನ ಹೊಸ ನಿಯಮ ಒಂದೊಂದೇ ಸರ್ವರ್‌ಗೆ ತಲುಪುತ್ತಿತ್ತು, ವಿಫಲದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಅದಕ್ಕೆ. 9.38ಕ್ಕೆ ನಿಯಮವನ್ನು ಹಿಂತೆಗೆದರು, 9.45ಕ್ಕೆ ಗೆರೆ ಶೇ. 1ಕ್ಕಿಂತ ಕೆಳಗಿಳಿದು ಅಲರ್ಟ್ ಹಸಿರಾಯಿತು. ಆದರೆ ಪ್ರಕರಣ ಮುಗಿದಿಲ್ಲ. 9.05ರಿಂದ 9.45ರವರೆಗೆ ಹಣ ಕಟ್ಟಿ ಟಿಕೆಟ್ ಸಿಗದವರ ಪಟ್ಟಿಯನ್ನು ಗೇಟ್‌ವೇಯ ಲೆಕ್ಕದೊಂದಿಗೆ ತಾಳೆ ಹಾಕಬೇಕು. ಆಸನ ಇನ್ನೂ ಇದ್ದವರಿಗೆ ಟಿಕೆಟ್, ಇಲ್ಲದವರಿಗೆ ಹಣ ವಾಪಸ್. ವ್ಯಾಪಾರಿಗೆ ಖಚಿತವಾಗದ ಇಂಥ ಯುಪಿಐ ಪಾವತಿ ಐದು ದಿನಗಳೊಳಗೆ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಶಿಫ್ಟ್ ಮುಗಿಸಿ ಹೋಗುವ ಹುಡುಗ ಆ ಪಟ್ಟಿಯನ್ನು, ತಾನು ನಿಮಿಷ ನಿಮಿಷಕ್ಕೂ ಬರೆದಿಟ್ಟ ಟಿಪ್ಪಣಿಯನ್ನು, ಬೆಳಗಿನ ಪಾಳಿಯವರಿಗೆ ಹೆಸರು ಹಿಡಿದು ಒಪ್ಪಿಸಿ ಹೋಗುತ್ತಾನೆ.