ಹನ್ನೆರಡು ಮಂದಿಗೆ ಒಂದು ತಾರೀಖು: ಸಭೆಯ ದಿನ ಗೊತ್ತುಮಾಡುವ ಗ್ರೂಪ್ ಪೋಲ್

ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ "ಸಭೆ ಯಾವತ್ತು ಇಟ್ಟುಕೊಳ್ಳೋಣ?" ಎಂದು ಕೇಳಿದರೆ ಉತ್ತರಗಳಿಗೇನೂ ಕೊರತೆಯಿರುವುದಿಲ್ಲ. ಒಬ್ಬರು "ಭಾನುವಾರ ಆದರೆ ಒಳ್ಳೆಯದು" ಎನ್ನುತ್ತಾರೆ, ಇನ್ನೊಬ್ಬರು "ಇಪ್ಪತ್ತರ ಮೇಲೆ ಯಾವತ್ತಾದರೂ ಸರಿ" ಎನ್ನುತ್ತಾರೆ. ಮತ್ತೊಬ್ಬರು "ಎಲ್ಲರೂ ಹೇಳಿದ ಹಾಗೆ" ಎಂದು ಸುಮ್ಮನಾಗುತ್ತಾರೆ, ಒಬ್ಬಿಬ್ಬರು ಹೆಬ್ಬೆರಳಿನ ಗುರುತು ಒತ್ತಿ ಹೋಗುತ್ತಾರೆ. ಇವನ್ನೆಲ್ಲ ಒಟ್ಟುಗೂಡಿಸಿ ಒಂದು ತಾರೀಖು ತೆಗೆಯಲು ಆಗುವುದಿಲ್ಲ, ಏಕೆಂದರೆ ಒಬ್ಬೊಬ್ಬರು ಒಂದೊಂದು ಪ್ರಶ್ನೆಗೆ ಉತ್ತರ ಕೊಟ್ಟಿರುತ್ತಾರೆ. ಪೋಲ್ ಈ ತೊಡಕನ್ನು ಬಿಡಿಸುತ್ತದೆ. ಎಲ್ಲರ ಮುಂದೆ ಅದೇ ನಾಲ್ಕು ದಿನಗಳಿರುತ್ತವೆ, ಪ್ರತಿ ದಿನಕ್ಕೂ ಬರಲು ಆಗುತ್ತದೋ ಇಲ್ಲವೋ ಎಂಬುದಷ್ಟೇ ಪ್ರಶ್ನೆಯಾಗಿರುತ್ತದೆ. ವಾಟ್ಸಾಪ್ ಈ ಸೌಲಭ್ಯವನ್ನು 2022ರ ನವೆಂಬರಿನಲ್ಲಿ ತಂದಿತು. ಆದರೂ ಪೋಲ್ ಹಾಕಿದ ಮೇಲೂ ತಾರೀಖು ನಿಲ್ಲದ ಸಮಿತಿಗಳಿವೆ. ಅಲ್ಲಿ ಕೊರತೆ ಸೌಲಭ್ಯದ್ದಲ್ಲ, ಪ್ರಶ್ನೆಯನ್ನು ಬರೆದ ರೀತಿಯದು.

ಮೊದಲು ಬಿಡಬೇಕಾದದ್ದು "ಎಲ್ಲರಿಗೂ ಅನುಕೂಲವಾಗುವ ದಿನ" ಎಂಬ ಹಂಬಲವನ್ನು. ಹನ್ನೆರಡು ಸದಸ್ಯರಲ್ಲಿ ಪ್ರತಿಯೊಬ್ಬರಿಗೂ ಹತ್ತು ದಿನಗಳಲ್ಲಿ ಏಳು ದಿನ ಬಿಡುವಿರುತ್ತದೆ ಎಂದುಕೊಳ್ಳೋಣ. ಒಂದು ನಿರ್ದಿಷ್ಟ ದಿನ ಹನ್ನೆರಡೂ ಮಂದಿ ಬಿಡುವಾಗಿರುವ ಸಂಭವ ಎಷ್ಟೆಂದು ತಿಳಿಯಲು 0.7 ಅನ್ನು ಹನ್ನೆರಡು ಸಲ ಗುಣಿಸಬೇಕು. ಸಿಗುವುದು ನೂರಕ್ಕೆ ಸುಮಾರು 1.4. ನಾಲ್ಕು ದಿನ ಮುಂದಿಟ್ಟರೂ ಅವುಗಳಲ್ಲಿ ಒಂದಾದರೂ ಎಲ್ಲರಿಗೂ ಹೊಂದುವ ಸಂಭವ ನೂರಕ್ಕೆ ಐದರ ಆಸುಪಾಸು. ಅದೇ ಹನ್ನೆರಡರಲ್ಲಿ ಏಳು ಮಂದಿ ಬಂದರೆ ಕೋರಂ ಆಗುತ್ತದೆ ಎಂದಿಟ್ಟುಕೊಂಡರೆ ಲೆಕ್ಕ ಪೂರ್ತಿ ತಿರುಗುತ್ತದೆ. ಯಾವುದೇ ಒಂದು ದಿನ ಏಳು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸಿಗುವ ಸಂಭವ ನೂರಕ್ಕೆ 88, ನಾಲ್ಕು ದಿನಗಳಲ್ಲಿ ಒಂದಾದರೂ ಹೀಗೆ ಸಿಗುವ ಸಂಭವ 99ಕ್ಕೂ ಮೇಲೆ. ನಿಜ ಜೀವನದಲ್ಲಿ ಬಿಡುವು ಇಷ್ಟು ಸಮನಾಗಿ ಹಂಚಿಹೋಗಿರುವುದಿಲ್ಲ. ಹಬ್ಬ ಬಂದರೆ ಎಲ್ಲರಿಗೂ ಒಟ್ಟಿಗೇ ಕೆಲಸ ಬೀಳುತ್ತದೆ. ಆದರೂ ಲೆಕ್ಕದ ತಿರುಳು ಬದಲಾಗುವುದಿಲ್ಲ: ಎಲ್ಲರೂ ಬರಬೇಕೆಂದು ಹಟ ಹಿಡಿದರೆ ಹತ್ತು ದಿನ ಮುಂದಿಟ್ಟರೂ ಸಾಲದು, ಕೋರಂ ಸಾಕೆಂದರೆ ಮೂರು ನಾಲ್ಕು ದಿನಗಳೇ ಸಾಕು.

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಬಹುದು. ಬಡಾವಣೆಯೊಂದರಲ್ಲಿ ನವೆಂಬರ್ 1ರ ರಾಜ್ಯೋತ್ಸವಕ್ಕೆ ಹನ್ನೆರಡು ಸದಸ್ಯರ ಸಮಿತಿಯಿದೆ. ಸೆಪ್ಟೆಂಬರ್ ಕೊನೆಯೊಳಗೆ ಒಂದು ಸಭೆ ಸೇರಿ ಶಾಮಿಯಾನ, ಧ್ವನಿವರ್ಧಕ, ಊಟದ ಖರ್ಚಿಗೆ ಒಪ್ಪಿಗೆ ಪಡೆಯಬೇಕು. ಕೋರಂ ಏಳು. ಕಾರ್ಯದರ್ಶಿ ಪೋಲ್ ಹಾಕುವ ಮೊದಲು ಎರಡು ಫೋನ್ ಕರೆ ಮಾಡುತ್ತಾರೆ, ಒಂದು ಅಧ್ಯಕ್ಷರಿಗೆ, ಇನ್ನೊಂದು ಖಜಾಂಚಿಗೆ. ಹಣದ ವಿಷಯ ಇರುವ ಸಭೆಯಲ್ಲಿ ಇವರಿಬ್ಬರು ಇಲ್ಲದಿದ್ದರೆ ಹತ್ತು ಮಂದಿ ಸೇರಿದರೂ ತೀರ್ಮಾನ ಮುಂದಿನ ಸಭೆಗೆ ಹೋಗುತ್ತದೆ. ಹಾಗಾಗಿ ಇವರಿಬ್ಬರಿಗೂ ಕಾರ್ಯದರ್ಶಿಗೂ ಆಗುವ ದಿನಗಳಷ್ಟೇ ಪೋಲ್‌ಗೆ ಬರಬೇಕು. ಸಭೆ ನಡೆಯುವ ಸಮುದಾಯ ಭವನ ಆ ದಿನಗಳಲ್ಲಿ ಖಾಲಿಯಿದೆಯೇ ಎಂಬುದನ್ನೂ ಆಗಲೇ ವಿಚಾರಿಸಬೇಕು. ಗೆದ್ದ ದಿನ ಭವನ ಸಿಗದೆ ಹೋದರೆ ಪೋಲನ್ನು ಮತ್ತೆ ಮೊದಲಿನಿಂದ ಹಾಕಬೇಕಾಗುತ್ತದೆ, ಎರಡನೇ ಸಲ ಜನ ಅಷ್ಟು ಬೇಗ ಉತ್ತರಿಸುವುದಿಲ್ಲ.

ಹೀಗೆ ಸೋಸಿದ ಮೇಲೆ ನಾಲ್ಕು ದಿನ ಉಳಿಯುತ್ತವೆ. ಅವು ಒಂದೇ ಬಗೆಯ ದಿನಗಳಾಗಬಾರದು. ನಾಲ್ಕೂ ಭಾನುವಾರ ಬೆಳಿಗ್ಗೆಯೇ ಆದರೆ ಭಾನುವಾರ ಅಂಗಡಿ ತೆರೆಯುವ ಸದಸ್ಯರಿಗೆ ಪೋಲ್ ಇದ್ದೂ ಇಲ್ಲದಂತೆ. ವಾರದ ದಿನದ ರಾತ್ರಿ, ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಎಲ್ಲವೂ ಬೆರೆತಿರಬೇಕು. ಪ್ರತಿ ಆಯ್ಕೆಯಲ್ಲೂ ವಾರ, ತಾರೀಖು, ಗಂಟೆ ಮೂರೂ ಇರಬೇಕು. ಬರೀ "ಶನಿವಾರ" ಎಂದು ಬರೆದರೆ ಒಬ್ಬರು ಈ ವಾರದ್ದೆಂದೂ ಇನ್ನೊಬ್ಬರು ಮುಂದಿನ ವಾರದ್ದೆಂದೂ ತಿಳಿದು ಮತ ಹಾಕುತ್ತಾರೆ, ಸಭೆಯ ದಿನ ಇಬ್ಬರಲ್ಲಿ ಒಬ್ಬರು ಮನೆಯಲ್ಲಿರುತ್ತಾರೆ.

ಸೆಪ್ಟೆಂಬರ್ 10, ಗುರುವಾರ ರಾತ್ರಿ ಎಂಟಕ್ಕೆ ಕಾರ್ಯದರ್ಶಿ ಕಳಿಸುವ ಪೋಲ್ ಹೀಗಿರುತ್ತದೆ:

ರಾಜ್ಯೋತ್ಸವ ಖರ್ಚಿನ ಸಭೆ, ಸಮುದಾಯ ಭವನ, 1 ಗಂಟೆ. ನಿಮಗೆ ಬರಲು ಆಗುವ ಎಲ್ಲ ದಿನಗಳನ್ನೂ ಒತ್ತಿ. ಶನಿವಾರ (ಸೆ. 12) ರಾತ್ರಿ 8ಕ್ಕೆ ಮುಕ್ತಾಯ. ಹೆಚ್ಚು ಮತ ಬಂದ ದಿನವೇ ಸಭೆ, ಸಮ ಬಂದರೆ ಮೊದಲು ಬರುವ ದಿನ.
– ಶನಿ, ಸೆ. 19, ಸಂಜೆ 5:00
– ಭಾನು, ಸೆ. 20, ಬೆಳಿಗ್ಗೆ 10:30
– ಬುಧ, ಸೆ. 23, ರಾತ್ರಿ 8:00
– ಭಾನು, ಸೆ. 27, ಬೆಳಿಗ್ಗೆ 10:30
– ಈ ಯಾವ ದಿನವೂ ಆಗದು

ಇದನ್ನು ಹಾಕಲು ಗ್ರೂಪ್ ತೆರೆದು, ಫೋಟೊ ಕಳಿಸಲು ಒತ್ತುವ ಗುರುತನ್ನೇ ಒತ್ತಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಅದು ಪೇಪರ್ ಕ್ಲಿಪ್ಪಿನ ಚಿತ್ರ, ಐಫೋನಿನಲ್ಲಿ ಕೂಡಿಸುವ ಚಿಹ್ನೆ. ಅಲ್ಲಿ `Poll` ಎಂಬುದು ಸಿಗುತ್ತದೆ. ಮೇಲಿನ ಜಾಗದಲ್ಲಿ ಪ್ರಶ್ನೆ, ಕೆಳಗೆ ಸಾಲಿಗೊಂದರಂತೆ ಆಯ್ಕೆಗಳು. ಹನ್ನೆರಡು ಆಯ್ಕೆಗಳವರೆಗೆ ಜಾಗವಿದೆ, ಆದರೆ ಅಷ್ಟನ್ನೂ ತುಂಬಿಸಿದರೆ ಓದುವವರು ಮೊದಲ ನಾಲ್ಕನ್ನು ನೋಡಿ ಬಿಟ್ಟುಬಿಡುತ್ತಾರೆ. ಕಳಿಸುವ ಮುನ್ನ `Allow multiple answers` ಎಂಬ ಗುಂಡಿ ಆನ್ ಆಗಿದೆಯೇ ಎಂದು ನೋಡಲೇಬೇಕು. ಇಡೀ ಪೋಲ್ ನಿಂತಿರುವುದು ಈ ಗುಂಡಿಯ ಮೇಲೆ.

ಗುಂಡಿ ಆಫ್ ಆಗಿದ್ದರೆ ಏನಾಗುತ್ತದೆ ಎಂಬುದನ್ನು ಇದೇ ಸಮಿತಿಯಲ್ಲಿ ನೋಡಬಹುದು. ಗಡುವಿನೊಳಗೆ ಹತ್ತು ಮಂದಿ ದಿನಗಳನ್ನು ಒತ್ತಿದ್ದಾರೆ. ಒಬ್ಬರು ಯಾವ ದಿನವೂ ಆಗದು ಎಂದಿದ್ದಾರೆ, ಒಬ್ಬರಿಂದ ಉತ್ತರವಿಲ್ಲ. ಒಬ್ಬೊಬ್ಬರಿಗೆ ಒಂದೇ ಮತ ಇದ್ದಿದ್ದರೆ ಪ್ರತಿಯೊಬ್ಬರೂ ತಮಗೆ ತುಂಬ ಇಷ್ಟವಾದ ದಿನವನ್ನೇ ಒತ್ತುತ್ತಿದ್ದರು: 19ರ ಶನಿವಾರಕ್ಕೆ ನಾಲ್ಕು, 23ರ ಬುಧವಾರಕ್ಕೆ ಮೂರು, 20ರ ಭಾನುವಾರಕ್ಕೆ ಎರಡು, 27ಕ್ಕೆ ಒಂದು. ಗೆಲ್ಲುವುದು ಶನಿವಾರ. ಆಗುವ ದಿನಗಳನ್ನೆಲ್ಲ ಒತ್ತಿ ಎಂದಾಗ ಬಂದ ಎಣಿಕೆಯೇ ಬೇರೆ: ಶನಿವಾರಕ್ಕೆ ಐದು, ಬುಧವಾರಕ್ಕೆ ಆರು, 27ರ ಭಾನುವಾರಕ್ಕೆ ಏಳು, 20ರ ಭಾನುವಾರಕ್ಕೆ ಒಂಬತ್ತು. ಒಂದೇ ಮತದ ಪೋಲ್ ಆರಿಸುತ್ತಿದ್ದ ಶನಿವಾರ ಕೋರಂ ಕೂಡ ಆಗುತ್ತಿರಲಿಲ್ಲ. ಹೆಚ್ಚಿನವರಿಗೆ ಮೊದಲ ಇಷ್ಟವಲ್ಲದ, ಆದರೆ ಒಂಬತ್ತು ಮಂದಿಗೆ ನಡೆಯುವ ಭಾನುವಾರ ಅಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ. ಸಭೆಗೆ ಬೇಕಾದದ್ದು ಬರುವ ಜನ. ಅವರಿಗೆ ಇಷ್ಟದ ದಿನ ಯಾವುದು ಎಂಬುದು ಎರಡನೆಯ ಮಾತು. ಒಪ್ಪಿಗೆಯಿರುವ ಎಲ್ಲ ಆಯ್ಕೆಗಳಿಗೂ ಮತ ಹಾಕುವ ಈ ಪದ್ಧತಿಯನ್ನು ಚುನಾವಣೆಗಳ ಅಧ್ಯಯನದಲ್ಲಿ ಅನುಮೋದನಾ ಮತದಾನ ಎನ್ನುತ್ತಾರೆ. ಅಮೆರಿಕದ ವಿದ್ವಾಂಸರಾದ ಸ್ಟೀವನ್ ಬ್ರಾಮ್ಸ್ ಮತ್ತು ಪೀಟರ್ ಫಿಶ್‌ಬರ್ನ್ 1978ರಲ್ಲಿ ಇದರ ಗುಣಗಳನ್ನು ವಿವರವಾಗಿ ಪರಿಶೀಲಿಸಿದರು.

ಕೊನೆಯ ಆಯ್ಕೆಯಾದ "ಈ ಯಾವ ದಿನವೂ ಆಗದು" ಮೇಲ್ನೋಟಕ್ಕೆ ಅನವಶ್ಯಕ ಎನಿಸಬಹುದು. ಅದಿಲ್ಲದಿದ್ದರೆ ಮತ ಹಾಕದವರು ಪೋಲ್ ನೋಡಿಲ್ಲವೋ, ನೋಡಿಯೂ ಮರೆತರೋ, ಯಾವ ದಿನವೂ ಆಗದೆ ಸುಮ್ಮನಾದರೋ ತಿಳಿಯುವುದಿಲ್ಲ. ಆ ಒಂದು ಸಾಲು ಇದ್ದರೆ ಮೌನಕ್ಕೆ ಇನ್ನೂ ಉತ್ತರ ಬಂದಿಲ್ಲ ಎಂಬ ಒಂದೇ ಅರ್ಥ ಉಳಿಯುತ್ತದೆ. ಪೋಲ್‌ನ ಕೆಳಗಿನ `View votes` ಒತ್ತಿದರೆ ಯಾವ ದಿನಕ್ಕೆ ಯಾರು ಮತ ಹಾಕಿದ್ದಾರೆ ಎಂಬುದು ಹೆಸರಿನ ಸಮೇತ ಕಾಣುತ್ತದೆ. ಗಡುವಿಗೆ ಮೂರು ನಾಲ್ಕು ಗಂಟೆ ಮುಂಚೆ ಅದನ್ನು ನೋಡಿ, ಉಳಿದವರಿಗೆ ನೇರವಾಗಿ ಕರೆ ಮಾಡುವುದು ಒಳ್ಳೆಯದು. "ದಯವಿಟ್ಟು ಎಲ್ಲರೂ ಮತ ಹಾಕಿ" ಎಂದು ಗ್ರೂಪಿನಲ್ಲಿ ನೆನಪಿಸಿದರೆ ಆಗಲೇ ಹಾಕಿದವರೇ ಅದನ್ನು ಓದುತ್ತಾರೆ. ಈ ಸಮಿತಿಯಲ್ಲಿ ಉತ್ತರ ಕೊಡದ ಒಬ್ಬ ಹಿರಿಯರು ಕರೆ ಮಾಡಿದಾಗ 20ಕ್ಕೆ ಬರುತ್ತೇನೆ ಎನ್ನುತ್ತಾರೆ. ಕಾರ್ಯದರ್ಶಿ ಅದನ್ನು ಅವರ ಹೆಸರಿನಲ್ಲಿ ಗ್ರೂಪಿನಲ್ಲೇ ಬರೆಯುತ್ತಾರೆ. ಎಣಿಕೆ ಹತ್ತಾಗುತ್ತದೆ.

ಗಡುವು ಎರಡು ದಿನಕ್ಕಿಂತ ಹೆಚ್ಚು ಇರಬೇಕಾಗಿಲ್ಲ. ವಾರಗಟ್ಟಲೆ ಬಿಟ್ಟರೆ ಪೋಲ್ ಬೇರೆ ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಮೊದಲು ಬಿಡುವೆಂದು ಒತ್ತಿದವರ ದಿನಗಳಿಗೂ ಅಷ್ಟರಲ್ಲಿ ಬೇರೆ ಕೆಲಸ ಬಂದಿರುತ್ತದೆ. ಗೆಲ್ಲುವ ನಿಯಮವನ್ನು ಪ್ರಶ್ನೆಯಲ್ಲೇ ಬರೆದಿಡುವುದಕ್ಕೂ ಕಾರಣವಿದೆ. ಎಣಿಕೆ ಬಂದ ಮೇಲೆ ನಿಯಮ ಹೇಳಿದರೆ ಸೋತ ದಿನದವರಿಗೆ ಅದು ತಮ್ಮ ವಿರುದ್ಧ ಮಾಡಿದ ನಿಯಮದಂತೆ ಕಾಣುತ್ತದೆ, ಚರ್ಚೆ ಮತ್ತೆ ಶುರುವಾಗುತ್ತದೆ.

ಪೋಲ್ ನಡೆಯುತ್ತಿರುವಾಗ ಮೂರು ಸಂಗತಿಗಳು ಕೆಡುವುದುಂಟು. ಒಂದು, ನಡುವೆ ಯಾರಾದರೂ "24 ಆದರೆ ಹೇಗೆ?" ಎಂದು ಹೊಸ ದಿನ ಸೂಚಿಸುವುದು. ಆಗಲೇ ಮತ ಹಾಕಿದವರು ಮತ್ತೆ ತಿರುಗಿ ನೋಡುವುದಿಲ್ಲವಾದ್ದರಿಂದ ಹೊಸ ದಿನಕ್ಕೆ ನ್ಯಾಯವಾದ ಎಣಿಕೆ ಸಿಗುವುದೇ ಇಲ್ಲ. ಈ ಪೋಲ್‌ನಲ್ಲಿ ಕೋರಂ ಸಿಗದಿದ್ದರೆ ಮುಂದಿನದಕ್ಕೆ ಅದನ್ನು ಸೇರಿಸುವುದಾಗಿ ಹೇಳಿದರೆ ಸಾಕು. ಎರಡು, ತಾರೀಖು ಅಥವಾ ಗಂಟೆ ತಪ್ಪಿ ಬರೆದದ್ದು. ಹಾಗಾದರೆ ಕೆಳಗೆ ತಿದ್ದುಪಡಿ ಬರೆಯದೆ ಪೋಲನ್ನೇ ಅಳಿಸಿ ಹೊಸದನ್ನು ಕಳಿಸಬೇಕು. ಇಲ್ಲವಾದರೆ ಯಾರು ಯಾವ ಗಂಟೆಗೆ ಒಪ್ಪಿದರೆಂಬುದು ಗೊತ್ತಾಗದು. ಮೂರು, ಮತಗಳು ಎಲ್ಲರಿಗೂ ಕಾಣುವುದರಿಂದ ತಡವಾಗಿ ಬಂದವರು ಮುಂದಿರುವ ದಿನವನ್ನಷ್ಟೇ ಒತ್ತಿ ಸುಮ್ಮನಾಗುವುದು. ಮುಂದಿರುವ ದಿನ ಯಾವುದೋ ಕಾರಣಕ್ಕೆ ತಪ್ಪಿದರೆ ಎರಡನೆಯ ದಿನದ ಎಣಿಕೆ ನಿಜಕ್ಕಿಂತ ಕಡಿಮೆ ಇರುತ್ತದೆ. "ಆಗುವ ಎಲ್ಲ ದಿನಗಳನ್ನೂ" ಎಂಬ ಮಾತು ಪ್ರಶ್ನೆಯಲ್ಲಿ ಇರಬೇಕಾದದ್ದು ಇದಕ್ಕೇ.

ಹಾಕಿದ ಮತವನ್ನು ಆಮೇಲೆ ಬದಲಿಸಲು ಅವಕಾಶವಿದೆ. ಹಾಗಾಗಿ ಪೋಲ್ ಒಂದೇ ದಾಖಲೆಯಾಗಿ ಉಳಿಯಬಾರದು. ಗಡುವು ಮುಗಿದ ಕೂಡಲೇ ಕಾರ್ಯದರ್ಶಿ ಬೇರೆಯದೇ ಸಂದೇಶದಲ್ಲಿ ಹೀಗೆ ಬರೆಯುತ್ತಾರೆ: "ಪೋಲ್ ಮುಗಿಯಿತು. ಸಭೆ ಭಾನುವಾರ, ಸೆ. 20, ಬೆಳಿಗ್ಗೆ 10:30, ಸಮುದಾಯ ಭವನ. ಹತ್ತು ಮಂದಿ ಬರುತ್ತಾರೆ. ಬರಲಾಗದವರು ಖರ್ಚಿನ ಬಗ್ಗೆ ಅಭಿಪ್ರಾಯವನ್ನು 19ರೊಳಗೆ ತಿಳಿಸಿ." ಇದನ್ನು ಗ್ರೂಪಿನಲ್ಲಿ ಪಿನ್ ಮಾಡಿದರೆ ಹುಡುಕುವ ಪ್ರಮೇಯವಿರುವುದಿಲ್ಲ.

ಅಪಾರ್ಟ್‌ಮೆಂಟ್ ಸಂಘ, ಸಹಕಾರ ಸಂಘ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಾಯಿತವಾದ ಸಂಘಗಳಿಗೆ ಇಲ್ಲೊಂದು ಮಿತಿಯಿದೆ. ಸಭೆಯ ನೋಟಿಸನ್ನು ಎಷ್ಟು ದಿನ ಮುಂಚೆ, ಯಾವ ರೀತಿ ಕೊಡಬೇಕು, ಕೋರಂ ಎಷ್ಟು ಎಂಬುದು ಅವುಗಳ ಬೈಲಾದಲ್ಲಿರುತ್ತದೆ. ದಿನ ಗೊತ್ತುಮಾಡಿಕೊಳ್ಳಲು ಪೋಲ್ ಒದಗುತ್ತದೆ, ನೋಟಿಸಿನ ಜಾಗವನ್ನು ಅದು ತುಂಬುವುದಿಲ್ಲ. ಆದ್ದರಿಂದ ಪೋಲ್‌ನಲ್ಲಿಡುವ ಮೊದಲ ದಿನಕ್ಕೂ ಪೋಲ್ ಮುಗಿಯುವ ದಿನಕ್ಕೂ ನಡುವೆ ಬೈಲಾ ಹೇಳುವಷ್ಟು ನೋಟಿಸಿನ ದಿನಗಳು ಉಳಿದಿರಬೇಕು. ಉದಾಹರಣೆಯ ಸಮಿತಿಯಲ್ಲಿ ಪೋಲ್ 12ಕ್ಕೆ ಮುಗಿಯಿತು, ಮೊದಲ ದಿನ 19. ಏಳು ದಿನದ ನೋಟಿಸ್ ಬೇಕೆಂಬ ನಿಯಮವಿದ್ದರೆ 12ರ ರಾತ್ರಿಯೇ ನೋಟಿಸ್ ಕಳಿಸಿದರೂ 19 ಇಕ್ಕಟ್ಟಿನ ದಿನ. ಅಂಥ ಸಂಘದಲ್ಲಿ ಮೊದಲ ಆಯ್ಕೆಯೇ 20 ಅಥವಾ ಅದರ ನಂತರದ್ದಾಗಿರಬೇಕು. ಯಾವ ದಿನಕ್ಕೂ ಕೋರಂ ಬರದಿದ್ದರೆ ಹೆಚ್ಚು ಮತ ಬಂದ ದಿನವನ್ನು ಉಳಿಸಿಕೊಂಡು, ಉಳಿದವುಗಳ ಬದಲು ಹೊಸ ದಿನಗಳನ್ನಿಟ್ಟು ಇನ್ನೊಂದೇ ಒಂದು ಪೋಲ್ ಹಾಕಬೇಕು. ಅದರಲ್ಲೂ ಸಿಗದಿದ್ದರೆ ಬೈಲಾ ಕೊಟ್ಟ ಅಧಿಕಾರದಂತೆ ಅಧ್ಯಕ್ಷರು ದಿನ ಗೊತ್ತುಮಾಡಿ ನೋಟಿಸ್ ಹೊರಡಿಸಬೇಕು.